‘ಇವನೇ ನೋಡ್ಕೊಂಡ’ ಎಂದರೆ ಇಂಗ್ಲಿಷಿನಲ್ಲಿ ಏನು?

ಕೆಲವು ದಿನಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಹೊಳೆನರಸೀಪುರದ ನಮ್ಮ ಮನೆಯ ಮುಂದೆ ಸ್ಕೂಟರೊಂದು ಬಂದು ನಿಂತಿತು. ಇಳಿದವರು ಹಾಸನದ ಹೊರವಲಯದಲ್ಲಿರುವ ಒಂದು ಆಲೂಗೆಡ್ಡೆ ಕೋಲ್ಡ್ ಸ್ಟೋರೇಜಿನ ಮ್ಯಾನೇಜರು. ಚನ್ನರಾಯಪಟ್ಟಣದ ಕಡೆಯವರು. ಹಾಗಾಗಿ ಯಾವಾಗ ಬಂದರೂ ಚೀಲದಲ್ಲಿ ನಾಲ್ಕು ತೆಂಗಿನಕಾಯಿ ಇದ್ದೇ ಇರುತ್ತದೆ. ಹಿಂದಿನ ಸೀಟಿನಲ್ಲಿ ಅವರ ಮಗಳು. ದ್ವಿತೀಯ ಪಿಯುಸಿ ಓದುತ್ತಿದ್ದಾಳೆ.

“ಮೇಷ್ಟ್ರೆ, ನಮ್ಮ ಹುಡುಗ ಒಬ್ಬ ಕೆಲಸ ಬಿಟ್ಟು ಮಂಗಳೂರಿಗೆ ಹೋಗ್ತಾ ಇದಾನೆ. ಅಲ್ಲಿ ಕಂಪನಿಯವರು ನನ್ನಿಂದ ಇಂಗ್ಲಿಷಿನಲ್ಲಿ ಒಂದು ರೆಫರೆನ್ಸ್ ಲೆಟರ್ ಕೇಳಿದಾರೆ. ನಾನು ಕನ್ನಡದಲ್ಲಿ ಗೀಚಿದೀನಿ, ಮಗಳು ಇಂಗ್ಲಿಷ್ ಮಾಡಿದಾಳೆ. ಒಂದ್ಸಲ ಕಣ್ಣಾಡಿಸಿ ಕೊಡಿ, ನಾಳೆ ಕಳಿಸಬೇಕು” ಎಂದರು.

ನಾನು ವಿಜ್ಞಾನ ಹೇಳಿಕೊಡುವವನು, ಇಂಗ್ಲಿಷ್ ಮೇಷ್ಟ್ರಲ್ಲ ಎಂದೆ. ಅವರು ಕೇಳಲಿಲ್ಲ. ಕೊನೆಗೆ ನೋಡಿದರೆ ಅಲ್ಲಿ ಬೇಕಾಗಿದ್ದದ್ದು ವ್ಯಾಕರಣಕ್ಕಿಂತ ಹೆಚ್ಚಾಗಿ ನಾವು ಪ್ರಯೋಗಾಲಯದಲ್ಲಿ ಮಕ್ಕಳಿಗೆ ಹೇಳುವ ಪಾಠವೇ: ಕಂಡದ್ದನ್ನು ಬರೆ, ಅಂದುಕೊಂಡದ್ದನ್ನು ಬರೆಯಬೇಡ.

ಮ್ಯಾನೇಜರು ಬರೆದದ್ದು ತೂಕದ ಚೀಟಿಯ ಹಿಂಬದಿಯಲ್ಲಿ, ಹೀಗಿತ್ತು:

“ಒಳ್ಳೆ ಹುಡುಗ. ಅರಕಲಗೂಡು ಕಡೆಯವನು. ಏಳು ವರ್ಷ ಇದ್ದ. ಕೈ ಶುದ್ಧ, ಒಂದು ಪೈಸೆ ಮುಟ್ಟಿದವನಲ್ಲ. ಎದುರು ಮಾತಾಡಿದವನಲ್ಲ. ಹೇಳಿದ ಕೆಲಸ ಮಾಡ್ತಾನೆ. ಅಮೋನಿಯಾ ಲೀಕ್ ಆದಾಗ ಇವನೇ ನೋಡ್ಕೊಂಡ. ತಾಯಿ ಆಪರೇಷನ್‌ಗೆ ಎರಡು ತಿಂಗಳು ರಜಾ. ಹೋಗ್ತಿರೋದು ನಮಗೆ ನಷ್ಟ.”

ಓದಿದರೆ ಯಾರಿಗೂ ಗೊತ್ತಾಗುತ್ತದೆ, ಬರೆದವರಿಗೆ ಆ ಹುಡುಗನ ಮೇಲೆ ಅಭಿಮಾನವಿದೆ ಎಂದು. ಇದನ್ನೇ ಮಗಳು ಸಾಲಿಗೆ ಸಾಲು ಇಂಗ್ಲಿಷಿಗೆ ತಂದಿದ್ದಳು. “ಹಿ ಈಸ್ ಎ ಗುಡ್ ಬಾಯ್” ಎಂದು ಶುರು. “ಹಿ ನೆವರ್ ಸ್ಟೋಲ್ ಎ ಸಿಂಗಲ್ ಪೈಸಾ” ಎಂದು ಎರಡನೆಯ ಸಾಲು. “ಹಿ ಡಸ್ ದ ವರ್ಕ್ ವಿ ಟೆಲ್ ಹಿಮ್” ಎಂದು ಮೂರನೆಯದು. ಆಮೇಲೆ “ಹಿ ಹಿಮ್‌ಸೆಲ್ಫ್ ರಿಪೇರ್ಡ್ ದ ಅಮೋನಿಯಾ ಲೀಕ್.” ಸ್ಪೆಲಿಂಗ್ ತಪ್ಪು ಒಂದೂ ಇರಲಿಲ್ಲ. ಆದರೂ ಈ ಕಾಗದ ಹೋಗಿದ್ದರೆ ಆ ಹುಡುಗನಿಗೆ ಕೆಡುಕಾಗುವ ಸಂಭವವಿತ್ತು.

ಮೊದಲು ಆ ಪೈಸೆಯ ವಿಷಯ. ನಮ್ಮ ಮಾತಿನಲ್ಲಿ ದೊಡ್ಡ ಹೊಗಳಿಕೆಗಳು ‘ಅಲ್ಲ’ ಎಂದೇ ಮುಗಿಯುತ್ತವೆ. ಸುಳ್ಳು ಹೇಳಿದವನಲ್ಲ, ಒಬ್ಬರ ತಂಟೆಗೆ ಹೋದವನಲ್ಲ, ಕೊಟ್ಟ ಮಾತು ತಪ್ಪಿದವನಲ್ಲ. ಹೆಣ್ಣು ಕೊಡುವಾಗಲೂ ಸಾಲ ಕೊಡುವಾಗಲೂ ನಾವು ವಿಚಾರಿಸುವುದು ಹೀಗೆಯೇ. ಕೇಳಿದವರಿಗೆ ಇದರಲ್ಲಿ ಅನುಮಾನ ಹುಟ್ಟುವುದಿಲ್ಲ. ಅದೇ ಮಾತು ಇಂಗ್ಲಿಷಿನ ಕಚೇರಿ ಕಾಗದದಲ್ಲಿ ಬಂದಾಗ ಓದುವವನು ತಲೆ ಎತ್ತಿ ಯೋಚಿಸುತ್ತಾನೆ: ಯಾರೂ ಕೇಳದೆ ಇರುವಾಗ ಕದ್ದಿಲ್ಲ ಎಂದು ಯಾಕೆ ಬರೆದರು? ಅಲ್ಲಿ ಏನೋ ನಡೆದಿರಬೇಕು.

ಇದು ನನ್ನ ಊಹೆಯಲ್ಲ. ನಮ್ಮ ಕಾನೂನಿನಲ್ಲೇ ಇದಕ್ಕೊಂದು ಉದಾಹರಣೆ ಇದೆ. 1860ರ ಭಾರತೀಯ ದಂಡ ಸಂಹಿತೆಯ 499ನೇ ಕಲಂ ಮಾನಹಾನಿಗೆ ಸಂಬಂಧಿಸಿದ್ದು. ಅದರ ಕೆಳಗೆ ಕೊಟ್ಟಿದ್ದ ಮೊದಲ ದೃಷ್ಟಾಂತದ ಸಾರಾಂಶ ಇಷ್ಟು: ಒಬ್ಬನು ಇನ್ನೊಬ್ಬನನ್ನು ಕುರಿತು ‘ಅವನು ಪ್ರಾಮಾಣಿಕ, ಇಂಥವರ ಗಡಿಯಾರವನ್ನು ಅವನು ಕದ್ದೇ ಇಲ್ಲ’ ಎನ್ನುತ್ತಾನೆ. ಕೇಳಿದವರು ‘ಕದ್ದವನು ಅವನೇ’ ಎಂದು ನಂಬಲಿ ಎಂಬುದೇ ಅವನ ಉದ್ದೇಶವಾಗಿದ್ದರೆ, ಬಾಯಲ್ಲಿ ಬಂದದ್ದು ಹೊಗಳಿಕೆಯಾದರೂ ಅದು ಮಾನಹಾನಿ. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಅದರ 356ನೇ ಕಲಂನಲ್ಲಿಯೂ ಈ ದೃಷ್ಟಾಂತ ಉಳಿದಿದೆ. ನಮ್ಮ ಮ್ಯಾನೇಜರಿಗೆ ಅಂಥ ಉದ್ದೇಶ ಕನಸಿನಲ್ಲೂ ಇರಲಿಲ್ಲ. ಆದ್ದರಿಂದ ಅವರದು ಅಪರಾಧವೇನೂ ಅಲ್ಲ. ಆದರೆ ಮಂಗಳೂರಿನಲ್ಲಿ ಕೂತು ಕಾಗದ ಓದುವವನಿಗೆ ಅವರ ಮನಸ್ಸು ಕಾಣುವುದಿಲ್ಲ, ಸಾಲು ಮಾತ್ರ ಕಾಣುತ್ತದೆ.

ಹಾಗಾದರೆ ‘ಕೈ ಶುದ್ಧ’ ಎನ್ನುವುದನ್ನು ಹೇಳುವುದು ಹೇಗೆ? ನಾನು ಮ್ಯಾನೇಜರನ್ನು ಕೇಳಿದೆ: “ನಿಮಗೆ ಅದು ಗೊತ್ತಾಗಿದ್ದು ಹೇಗೆ? ಅವನ ಕೈಯಲ್ಲಿ ಏನಿತ್ತು?”

ಸ್ವಲ್ಪ ಯೋಚಿಸಿ ಹೇಳಿದರು. ಹಣ ಅವನ ಕೈಯಲ್ಲಿ ಇರಲಿಲ್ಲ. ಇದ್ದದ್ದು ಎರಡು ಚೇಂಬರಿನ ದಾಸ್ತಾನು ಪುಸ್ತಕ. ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುವ ಬಿತ್ತನೆ ಗೆಡ್ಡೆಯ ಮೂಟೆಗಳನ್ನು ಒಳಗೆ ಇಳಿಸುವಾಗ ಎಣಿಸುವುದು, ಮುಂಗಾರು ಬಿತ್ತನೆಗೆ ರೈತರು, ವರ್ತಕರು ಬಂದಾಗ ಚೀಟಿ ನೋಡಿ ಹೊರಗೆ ಬಿಡುವುದು. ಹಂಗಾಮು ಮುಗಿದು ಚೇಂಬರ್ ಖಾಲಿಯಾದಾಗ ಲೆಕ್ಕ ತಾಳೆ ನೋಡುತ್ತಾರೆ. “ಒಂದು ವರ್ಷ ಆರು ಮೂಟೆ ಕಡಿಮೆ ಬಂದಿತ್ತು ಮೇಷ್ಟ್ರೆ. ಅವನೇ ಇನ್ನೊಂದು ಚೇಂಬರಿನಲ್ಲಿ ಹುಡುಕಿ ತೋರಿಸಿದ. ಮಿಕ್ಕ ಎಲ್ಲ ವರ್ಷ ಸರಿಯಾಗೇ ಇತ್ತು” ಎಂದರು.

“ಇದನ್ನೇ ಬರೆಯೋಣ” ಎಂದೆ. ಎರಡು ಚೇಂಬರಿನ ದಾಸ್ತಾನು ಪುಸ್ತಕ ಅವರ ಜವಾಬ್ದಾರಿಯಲ್ಲಿತ್ತು, ಪ್ರತಿ ಹಂಗಾಮಿನ ಕೊನೆಗೆ ಲೆಕ್ಕ ತಾಳೆಯಾಯಿತು ಎಂದು ಎರಡು ಸಣ್ಣ ಇಂಗ್ಲಿಷ್ ವಾಕ್ಯ. ಕಳ್ಳತನ ಎಂಬ ಪದವೇ ಬೇಡ. ಓದುವವನು ‘ಇವನು ನಂಬಿಗಸ್ತ’ ಎಂದು ತಾನೇ ತೀರ್ಮಾನಿಸಿಕೊಳ್ಳುತ್ತಾನೆ.

‘ಹೇಳಿದ ಕೆಲಸ ಮಾಡ್ತಾನೆ’ ಎನ್ನುವುದೂ ಹೀಗೆಯೇ. ನಮ್ಮಲ್ಲಿ ಅದು ಮೆಚ್ಚುಗೆ. ಇಂಗ್ಲಿಷಿನಲ್ಲಿ ಅದನ್ನು ಬರೆದರೆ ಹೇಳದಿದ್ದರೆ ಸುಮ್ಮನೆ ಕೂರುವವನು ಎಂದಂತಾಗುತ್ತದೆ. ‘ಹುಡುಗ’ ಎಂಬುದು ನಮ್ಮಲ್ಲಿ ಪ್ರೀತಿಯ ಮಾತು. ಮೂವತ್ತೊಂದು ವರ್ಷದ, ಒಂದು ಮಗುವಿನ ತಂದೆಯನ್ನು ಕಚೇರಿ ಕಾಗದದಲ್ಲಿ ‘ಬಾಯ್’ ಎಂದರೆ ಟೀ ತಂದುಕೊಡುವವನ ನೆನಪಾಗುತ್ತದೆ. ಅಲ್ಲಿ ‘ಮಿಸ್ಟರ್’ ಎಂದು ಪೂರ್ತಿ ಹೆಸರು ಬರಬೇಕು. ಆ ಹೆಸರೂ ಆಧಾರ್ ಕಾರ್ಡಿನಲ್ಲಿ ಇರುವಂತೆಯೇ ಇರಬೇಕು. ನಮ್ಮ ಕಡೆ ಇನಿಷಿಯಲ್ಲಿನಲ್ಲಿ ಒಂದಕ್ಷರ ಊರಿನದು, ಒಂದಕ್ಷರ ತಂದೆಯದು. ಒಂದು ದಾಖಲೆಯಲ್ಲಿ ಅದು ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ಇಬ್ಬರು ಬೇರೆ ಬೇರೆ ಮನುಷ್ಯರೋ ಎಂದು ಹೊಸ ಕಂಪನಿಯವರು ಅನುಮಾನಿಸುತ್ತಾರೆ.

ಇನ್ನು ‘ಏಳು ವರ್ಷ’. ಸಂಬಳದ ರಿಜಿಸ್ಟರ್ ನೋಡಿದ್ದೀರಾ ಎಂದು ಕೇಳಿದಾಗ ಮ್ಯಾನೇಜರು ಆಫೀಸಿಗೆ ಫೋನು ಮಾಡಿದರು. ರಿಜಿಸ್ಟರಿನಲ್ಲಿ ಇದ್ದದ್ದು ಆರು ವರ್ಷ ನಾಲ್ಕು ತಿಂಗಳು. ಅದಕ್ಕೆ ಮುಂಚಿನ ಎಂಟು ತಿಂಗಳು ಅವನು ಬರುತ್ತಿದ್ದುದು ಹಮಾಲಿ ಮೇಸ್ತ್ರಿಯ ತಂಡದಲ್ಲಿ, ಮೂಟೆ ಹೊರಲು. ಎರಡೂ ಕೂಡಿದರೆ ಏಳು ವರ್ಷ ಸರಿಯೇ. ಆದರೆ ಹೊಸ ಕಂಪನಿಯವರು ಅವನ ಭವಿಷ್ಯನಿಧಿ ಖಾತೆಯ ಸೇವಾ ವಿವರ ನೋಡಿದರೆ ಅಲ್ಲಿ ಸೇರಿದ ದಿನಾಂಕ ಬೇರೆ ಇರುತ್ತದೆ. ಪ್ರೀತಿಯಿಂದ ಎಂಟು ತಿಂಗಳು ಸೇರಿಸಿದ್ದು ಸುಳ್ಳಿನಂತೆ ಕಾಣುತ್ತದೆ. ಆದ್ದರಿಂದ ರಿಜಿಸ್ಟರಿನ ಎರಡು ದಿನಾಂಕಗಳನ್ನೇ ಬರೆದು, ಅದಕ್ಕೆ ಮುಂಚೆ ಎಂಟು ತಿಂಗಳು ಗುತ್ತಿಗೆ ತಂಡದಲ್ಲಿ ಇದೇ ಆವರಣದಲ್ಲಿ ದುಡಿದಿದ್ದರು ಎಂದು ಪ್ರತ್ಯೇಕವಾಗಿ ಸೇರಿಸಿದೆವು. ಮೂಟೆ ಹೊತ್ತವನು ಯಂತ್ರ ನಡೆಸುವವನಾದ ಎಂಬುದು ಇದರಿಂದ ತಾನಾಗಿಯೇ ತಿಳಿಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ: ‘ಅಮೋನಿಯಾ ಲೀಕ್ ಆದಾಗ ಇವನೇ ನೋಡ್ಕೊಂಡ.’

‘ನೋಡಿಕೊಳ್ಳು’ ಎನ್ನುವುದು ನಮ್ಮ ಭಾಷೆಯ ಬಹಳ ಉಪಕಾರಿಯಾದ ಪದ. ಮಗುವನ್ನು ನೋಡಿಕೊಳ್ಳುತ್ತೇವೆ, ತೋಟ ನೋಡಿಕೊಳ್ಳುತ್ತೇವೆ, ಮದುವೆಯಲ್ಲಿ ಊಟದ ವ್ಯವಸ್ಥೆ ನೋಡಿಕೊಳ್ಳುತ್ತೇವೆ. ಯಾರು ಏನು ಮಾಡಿದರು ಎಂದು ಬಿಡಿಸಿ ಹೇಳುವ ಕಷ್ಟವನ್ನು ಅದು ತಪ್ಪಿಸುತ್ತದೆ. ಇಂಗ್ಲಿಷಿಗೆ ತರುವಾಗ ಮಾತ್ರ ಆ ಕಷ್ಟ ತಪ್ಪುವುದಿಲ್ಲ. ಅವನು ಲೀಕನ್ನು ಮೊದಲು ಕಂಡನೇ? ಜನರನ್ನು ಹೊರಗೆ ಕಳಿಸಿದನೇ? ವಾಲ್ವ್ ಮುಚ್ಚಿದನೇ? ರಿಪೇರಿ ಮಾಡಿದನೇ? ಒಂದೊಂದಕ್ಕೂ ಬೇರೆ ಕ್ರಿಯಾಪದ ಬೇಕು. ಮಗಳು ‘ರಿಪೇರ್ಡ್’ ಎಂದು ಆರಿಸಿಕೊಂಡಿದ್ದಳು. “ಅಪ್ಪನ್ನ ಕೇಳಿದ್ಯಾ ಮಗು?” ಎಂದೆ. “ಇಲ್ಲ ಸಾರ್, ಲೀಕ್ ಅಂದ್ಮೇಲೆ ರಿಪೇರಿನೇ ಅಲ್ವಾ ಅಂತ ಬರೆದೆ” ಎಂದಳು. ಅಪ್ಪನನ್ನು ಕೇಳಿದರೆ, “ಆ ರಾತ್ರಿ ನಾನು ಊರಲ್ಲಿರಲಿಲ್ಲ ಮೇಷ್ಟ್ರೆ. ಅವನನ್ನೇ ಕೇಳಿಬಿಡಿ” ಎಂದು ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು.

ಅವನು ಹೇಳಿದ್ದು ಹೀಗೆ. ರಾತ್ರಿ ಒಂದೂವರೆ ಗಂಟೆ. ಚೇಂಬರಿನಲ್ಲಿ ಹನ್ನೊಂದು ಜನ ಹಮಾಲಿಗಳು ಮೂಟೆ ಜೋಡಿಸುತ್ತಿದ್ದರು. ಬಾಗಿಲ ಬಳಿಯ ವಾಲ್ವಿನ ಹತ್ತಿರ ಮೂಗಿಗೆ ಘಾಟು ಬಂತು. ಕೆಲಸ ನಿಲ್ಲಿಸಿ ಎಲ್ಲರನ್ನೂ ಗಾಳಿ ಬೀಸಿ ಬರುತ್ತಿದ್ದ ದಿಕ್ಕಿನ ಗೇಟಿಗೆ ಕಳಿಸಿ ತಲೆ ಎಣಿಸಿದ. ಆಮೇಲೆ ಯಂತ್ರದ ಕೋಣೆಗೆ ಹೋಗಿ ಆ ಚೇಂಬರಿಗೆ ದ್ರವ ಅಮೋನಿಯಾ ಹೋಗುವ ಪೈಪಿನ ವಾಲ್ವ್ ಮುಚ್ಚಿದ. ಮೆಕ್ಯಾನಿಕ್‌ಗೆ ಫೋನು ಮಾಡಿದ. ಬೆಳಿಗ್ಗೆ ಘಾಟು ಇಳಿದ ಮೇಲೆ ಮೆಕ್ಯಾನಿಕ್ ಬಂದು ಗಂಧಕದ ಬತ್ತಿ ಹಚ್ಚಿ ಪೈಪಿನ ಉದ್ದಕ್ಕೂ ಹಿಡಿದ. ಒಂದು ಕಡೆ ಬಿಳಿ ಹೊಗೆ ಎದ್ದಿತು. ಅಲ್ಲಿದ್ದ ವಾಲ್ವಿನ ಪ್ಯಾಕಿಂಗ್ ಸವೆದಿತ್ತು, ಬದಲಾಯಿಸಿದ. “ರಿಪೇರಿ ನಾನು ಮಾಡಿಲ್ಲ ಸಾರ್, ನಂಗೆ ಬರೋದೂ ಇಲ್ಲ” ಎಂದ.

ಆ ಬಿಳಿ ಹೊಗೆ ಏನೆಂದು ವಿದ್ಯಾರ್ಥಿಗಳು ಕೇಳಬಹುದು. ಗಂಧಕ ಉರಿದಾಗ ಬರುವ ಸಲ್ಫರ್ ಡೈಆಕ್ಸೈಡ್ ಅನಿಲ, ಅಮೋನಿಯಾ ಮತ್ತು ಗಾಳಿಯ ತೇವ ಸೇರಿ ಉಂಟಾಗುವ ಸಣ್ಣ ಸಣ್ಣ ಲವಣದ ಕಣಗಳು ಅವು. ಕಣ್ಣಿಗೆ ಕಾಣದ ಅನಿಲ ಎಲ್ಲಿ ಸೋರುತ್ತಿದೆ ಎಂದು ಅವು ತೋರಿಸಿಕೊಡುತ್ತವೆ. ಬಿತ್ತನೆ ಗೆಡ್ಡೆಯನ್ನು ಮೊಳಕೆಯೊಡೆಯದಂತೆ ಸುಮಾರು 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಲು ಇಂಥ ಕಡೆ ಅಮೋನಿಯಾ ಬಳಸುತ್ತಾರೆ. ಅದರ ಘಾಟು ಬಹಳ ಕಡಿಮೆ ಪ್ರಮಾಣದಲ್ಲೇ ಮೂಗಿಗೆ ತಿಳಿಯುತ್ತದೆ, ಅದೊಂದು ಅನುಕೂಲ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 300 ಭಾಗ ಸೇರಿದರೆ ಪ್ರಾಣಕ್ಕೆ ತಕ್ಷಣದ ಅಪಾಯವೆಂದು ಲೆಕ್ಕ.

ಈಗ ಯೋಚಿಸಿ. ‘ರಿಪೇರ್ಡ್’ ಎಂಬ ಒಂದೇ ಪದ ನಂಬಿ ಮಂಗಳೂರಿನವರು ಇವನನ್ನು ರಾತ್ರಿ ಪಾಳಿಗೆ ಒಬ್ಬನನ್ನೇ ಹಾಕಿದರೆ? ಅಲ್ಲಿ ಒಂದು ದಿನ ಪೈಪು ಸೋರಿದಾಗ ಎಲ್ಲರೂ ಇವನ ಮುಖ ನೋಡಿದರೆ? ಹೊಸ ಜಾಗ, ಹೊಸ ಯಂತ್ರ. ಬರುವುದಿಲ್ಲ ಎನ್ನಲು ನಾಚಿಕೆ. ಹೊಗಳಿಕೆಯ ಆ ಸಾಲು ಅವನ ಕಣ್ಣನ್ನೋ ಪ್ರಾಣವನ್ನೋ ತೆಗೆಯಬಹುದಿತ್ತು. ಹಾಗೆಂದು ಆ ರಾತ್ರಿಯ ವಿಷಯವನ್ನೇ ಬಿಟ್ಟರೆ ಅನ್ಯಾಯ. ಹನ್ನೊಂದು ಜನರನ್ನು ಸುರಕ್ಷಿತವಾಗಿ ಹೊರಗೆ ತಂದದ್ದು ಪ್ಯಾಕಿಂಗ್ ಬದಲಾಯಿಸಿದ್ದಕ್ಕಿಂತ ಕಡಿಮೆಯ ಕೆಲಸವಲ್ಲ.

ಮಗಳ ಕೈಯಲ್ಲೇ ಆ ಸಾಲನ್ನು ಮತ್ತೆ ಬರೆಸಿದೆ. ಕನ್ನಡ ಅಕ್ಷರದಲ್ಲಿ ಕೊಡುತ್ತೇನೆ: “ಹಿ ನೋಟಿಸ್ಡ್ ದ ಲೀಕ್, ಮೂವ್ಡ್ ಇಲೆವೆನ್ ವರ್ಕರ್ಸ್ ಔಟ್, ಕ್ಲೋಸ್ಡ್ ದ ಲಿಕ್ವಿಡ್ ಲೈನ್ ವಾಲ್ವ್ ಅಂಡ್ ಕಾಲ್ಡ್ ದ ಮೆಕ್ಯಾನಿಕ್.” ‘ನೋಡ್ಕೊಂಡ’ ಎಂಬ ಒಂದು ಪದದ ಜಾಗಕ್ಕೆ ನಾಲ್ಕು ಕ್ರಿಯಾಪದಗಳು ಬಂದವು. ನಾಲ್ಕೂ ನಡೆದವು. ‘ಬ್ರೇವ್’, ‘ಎಕ್ಸಲೆಂಟ್’ ಎಂಬ ವಿಶೇಷಣ ಒಂದೂ ಬೇಕಾಗಲಿಲ್ಲ.

ಉಳಿದದ್ದು ತಾಯಿಯ ಆಪರೇಷನ್ ಮತ್ತು ರಜಾ. “ಇದನ್ನ ಬರೀಬೇಕಾ? ಮುಚ್ಚಿಟ್ಟ ಹಾಗಾಗಲ್ವಾ?” ಎಂದು ಮ್ಯಾನೇಜರು ಕೇಳಿದರು. ರಜಾ ಅರ್ಜಿ ಕೊಟ್ಟು ಹೋಗಿದ್ದನೇ ಎಂದು ವಿಚಾರಿಸಿದೆ. ಕೊಟ್ಟಿದ್ದ, ಇವರೇ ಮಂಜೂರು ಮಾಡಿದ್ದರು. ಹಾಗಿದ್ದರೆ ಒಬ್ಬರ ಮನೆಯ ಕಾಯಿಲೆ ಇನ್ನೊಂದು ಕಂಪನಿಯ ಕಡತಕ್ಕೆ ಹೋಗಬೇಕಾದ್ದಿಲ್ಲ, ಬಿಡೋಣ ಎಂದೆ. ಒಂದು ಎಚ್ಚರ ಮಾತ್ರ ಇರಬೇಕು. ಬಿಟ್ಟ ಮೇಲೆ ‘ಒಂದು ದಿನವೂ ರಜಾ ಹಾಕಿದವರಲ್ಲ’ ಎಂಬಂಥ ಸಾಲನ್ನು ಬರೆಯಬಾರದು. ಮಗಳ ಕರಡಿನಲ್ಲಿ ಪುಸ್ತಕದ ಮಾದರಿ ಪತ್ರದಿಂದ ತೆಗೆದ ‘ರೆಗ್ಯುಲರ್ ಅಂಡ್ ಪಂಕ್ಚುಯಲ್’ ಎಂಬ ಜೋಡಿ ಇತ್ತು. ‘ರೆಗ್ಯುಲರ್’ ಅನ್ನು ತೆಗೆಸಿದೆ. ‘ಪಂಕ್ಚುಯಲ್’ ಉಳಿಯಿತು, ಏಕೆಂದರೆ ಪಾಳಿಗೆ ತಡವಾಗಿ ಬಂದವನಲ್ಲ ಎಂದು ಮ್ಯಾನೇಜರು ಹಾಜರಿ ಪುಸ್ತಕದ ಆಧಾರದ ಮೇಲೆ ಹೇಳಿದರು.

ಕೊನೆಯಲ್ಲಿ ಮಗಳು ‘ಹಿಸ್ ವರ್ಕ್ ವಾಸ್ ಸ್ಯಾಟಿಸ್‌ಫ್ಯಾಕ್ಟರಿ’ ಎಂದು ಸೇರಿಸಿದ್ದಳು. ಇದರಲ್ಲಿ ನಮ್ಮ ಮೇಷ್ಟ್ರುಗಳ ಪಾಲೂ ಇದೆ. ಮಕ್ಕಳ ವರ್ಗಾವಣೆ ಪತ್ರದಲ್ಲಿ ನಡತೆ ಎಂಬ ಜಾಗದಲ್ಲಿ ‘ತೃಪ್ತಿಕರ’ ಎಂದು ನಾವೇ ಬರೆದು ಬರೆದು ಅದು ಒಳ್ಳೆಯ ಮಾತೆಂದು ಎಲ್ಲರಿಗೂ ಅಭ್ಯಾಸವಾಗಿದೆ. ಕೆಲಸದ ಶಿಫಾರಸಿನಲ್ಲಿ ‘ತೃಪ್ತಿಕರ’ ಎಂದರೆ ಹೇಗೋ ನಡೆಯಿತು ಎಂದರ್ಥ. ಜರ್ಮನಿಯಲ್ಲಂತೂ ಕೆಲಸ ಬಿಡುವವರಿಗೆ ಇಂಥ ಪತ್ರ ಪಡೆಯುವುದು ಕಾನೂನಿನ ಹಕ್ಕು, ಮತ್ತು ಅಲ್ಲಿ ಈ ಪದಕ್ಕೆ ಪರೀಕ್ಷೆಯ ಹಾಗೆ ದರ್ಜೆಗಳೇ ಇವೆ. ‘ನಮಗೆ ತೃಪ್ತಿಯಾಗುವಂತೆ’ ಎಂದರೆ ಕೆಳಗಿನದು, ‘ಪೂರ್ಣ ತೃಪ್ತಿಯಾಗುವಂತೆ’ ಎಂದರೆ ನಡುವಿನದು, ‘ಸದಾ ಪೂರ್ಣ ತೃಪ್ತಿಯಾಗುವಂತೆ’ ಎಂದರೆ ಅದಕ್ಕೂ ಮೇಲಿನದು. ದಂತ ವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರು ಆ ‘ಸದಾ’ ಎಂಬ ಪದಕ್ಕಾಗಿ ವ್ಯಾಜ್ಯ ಹೂಡಿದ್ದರು. ನಡುವಿನ ದರ್ಜೆಗಿಂತ ಮೇಲಿನದು ಬೇಕೆನ್ನುವವರು ಅದಕ್ಕೆ ತಕ್ಕ ಕೆಲಸ ಮಾಡಿದ್ದನ್ನು ತಾವೇ ತೋರಿಸಬೇಕು ಎಂದು 2014ರ ನವೆಂಬರಿನಲ್ಲಿ ಅಲ್ಲಿನ ಅತ್ಯುನ್ನತ ಕಾರ್ಮಿಕ ನ್ಯಾಯಾಲಯ ಹೇಳಿತು. ನಮ್ಮಲ್ಲಿ ಅಂಥ ದರ್ಜೆಪಟ್ಟಿ ಇಲ್ಲ. ಆದ್ದರಿಂದ ಆ ಪದವನ್ನು ಬಿಟ್ಟು, ಅವನು ಎರಡು ಗಂಟೆಗೊಮ್ಮೆ ಚೇಂಬರಿನ ಉಷ್ಣತೆಯನ್ನು ಲಾಗ್ ಪುಸ್ತಕದಲ್ಲಿ ಬರೆಯುತ್ತಿದ್ದ ವಿಷಯ ಹಾಕಿದೆವು.

ಪತ್ರ ಒಂದು ಪುಟದೊಳಗೆ ಮುಗಿಯಿತು. ‘ಟು ಹೂಮ್ ಇಟ್ ಮೇ ಕನ್ಸರ್ನ್’ ಎಂಬುದನ್ನು ಹೊಡೆದು, ಕೇಳಿದ ಕಂಪನಿಯ ಅಧಿಕಾರಿಯ ಹುದ್ದೆಯನ್ನೇ ಬರೆದೆವು. ಮೊದಲ ಭಾಗದಲ್ಲಿ ಹೆಸರು, ಹುದ್ದೆ, ದಿನಾಂಕ. ಎರಡನೆಯದರಲ್ಲಿ ದಿನನಿತ್ಯದ ಕೆಲಸ. ಮೂರನೆಯದರಲ್ಲಿ ಆ ರಾತ್ರಿ. ಕೊನೆಗೆ ಶಿಫಾರಸು ಮತ್ತು ಮ್ಯಾನೇಜರ ಫೋನ್ ನಂಬರು.

ಸಹಿ ಹಾಕಲು ಅವರು ಪೆನ್ನು ತೆಗೆದರು. ತಡೆದು, ಮಗಳಿಗೆ ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ಅಪ್ಪನಿಗೆ ಹೇಳು ಎಂದೆ. ಕೊನೆಯ ಸಾಲಿನಲ್ಲಿ ನಾನೇ ಸೇರಿಸಿದ್ದ ‘ವಿದೌಟ್ ರಿಸರ್ವೇಶನ್’ ಎಂಬಲ್ಲಿ ಮ್ಯಾನೇಜರು ಗಾಬರಿಯಾದರು. “ರಿಸರ್ವೇಶನ್ ವಿಷಯ ಯಾಕೆ ಮೇಷ್ಟ್ರೆ ಇದರಲ್ಲಿ?” ಯಾವ ಹಿಂಜರಿಕೆಯೂ ಇಲ್ಲದೆ ಎಂದರ್ಥ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಹಿಂಜರಿಕೆ ಇಲ್ಲ ಅಂತ ಹೆಂಗೆ ಹೇಳ್ಲಿ? ಯಂತ್ರ ನಡೆಸೋಕೆ ಕಣ್ಣು ಮುಚ್ಚಿ ಹೇಳ್ತೀನಿ. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯೋಕೆ ಹಾಕಿದ್ರೆ ಅವನಿಗೆ ಬರಲ್ಲ.”

ತಪ್ಪು ನನ್ನದೇ. ಚೆನ್ನಾಗಿ ಕೇಳಿಸುತ್ತದೆ ಎಂದು ಸೇರಿಸಿದ್ದೆ. ‘ಪ್ಲಾಂಟ್ ಆಪರೇಟರ್ ಹುದ್ದೆಗೆ ಶಿಫಾರಸು ಮಾಡುತ್ತೇನೆ’ ಎಂದು ತಿದ್ದಿದೆವು. ಆಗ ಸಹಿ ಬಿತ್ತು.

ಮುಂದಿನ ವಾರ ಮಂಗಳೂರಿನಿಂದ ಮ್ಯಾನೇಜರಿಗೆ ಫೋನು ಬಂತಂತೆ. “ಲೀಕ್ ರಿಪೇರಿ ಬರುತ್ತದೆಯೇ?” ಎಂದು ಕೇಳಿದರಂತೆ. “ಇಲ್ಲ, ಕಾಗದದಲ್ಲಿ ಇರೋಷ್ಟೇ” ಎಂದು ಇವರು ಹೇಳಿದರಂತೆ. ಅವನನ್ನು ಈಗ ಮೆಕ್ಯಾನಿಕ್ ಒಬ್ಬರ ಜೊತೆಗೆ ಪಾಳಿಗೆ ಹಾಕಿದ್ದಾರೆ. ಆ ಕೆಲಸವನ್ನೂ ಕಲಿಯುತ್ತಿದ್ದಾನಂತೆ.

ಇಂಗ್ಲಿಷ್ ಓದುವ ಮಕ್ಕಳಿಗೆ ಇಂಥ ಕಾಗದ ಬರೆದುಕೊಡುವ ಪ್ರಸಂಗ ಬಂದೇ ಬರುತ್ತದೆ. ಅಪ್ಪನದೋ, ಮಾವನದೋ, ಎದುರು ಮನೆಯವರದೋ. ಮ್ಯಾನೇಜರ ಮಗಳು ಹೊರಡುವ ಮುಂಚೆ ಆ ತೂಕದ ಚೀಟಿಯ ಉಳಿದ ಜಾಗದಲ್ಲಿ ಮೂರು ಪ್ರಶ್ನೆ ಬರೆದುಕೊಂಡಳು. ‘ನೋಡ್ಕೊಂಡ’ ಎಂದರೆ ಏನು ಮಾಡಿದ? ‘ಅಲ್ಲ’ ಎಂದಿರುವ ಕಡೆ ಹೌದು ಎಂದು ಹೇಳಬಹುದಾದದ್ದು ಏನಿದೆ? ಸಹಿ ಹಾಕುವವರಿಗೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದೆನೇ?